ದರ್ಪಣಕ್ಕೆ ಣ, ದರ್ಶನಕ್ಕೆ ನ



ನಮ್ಮ ಪಂಚಾಂಗ ವರ್ಷವನ್ನು ಎರಡು ಅಯನಗಳಾಗಿ ಒಡೆಯುತ್ತದೆ. ಒಂದು ಉತ್ತರಾಯಣ, ಇನ್ನೊಂದು ದಕ್ಷಿಣಾಯನ. ಎರಡರಲ್ಲೂ ಕೊನೆಗೆ ನಿಂತಿರುವುದು ಅಯನ ಎಂಬ ಒಂದೇ ಪದ. ಆದರೂ ಉತ್ತರದ್ದಕ್ಕೆ ಣ, ದಕ್ಷಿಣದ್ದಕ್ಕೆ ನ. ಇದು ಅಚ್ಚಿನ ತಪ್ಪಲ್ಲ, ಪಂಚಾಂಗ ಬರೆದವರ ಇಷ್ಟವೂ ಅಲ್ಲ. ಅದಕ್ಕೊಂದು ಖಚಿತವಾದ ಕಾರಣ ಇದೆ. ಆ ಕಾರಣ ಗೊತ್ತಾದರೆ ಕನ್ನಡದಲ್ಲಿ ನ ಬರೆಯಬೇಕೋ ಣ ಬರೆಯಬೇಕೋ ಎಂಬ ಗೊಂದಲದ ಬಹುಪಾಲು ಕರಗುತ್ತದೆ.

ಮೊದಲು ನಮ್ಮ ಮನೆಯ ಮಾತನ್ನೇ ನೋಡೋಣ. ಣ ಸಂಸ್ಕೃತದಿಂದ ಬಂದ ಅಕ್ಷರ, ಅಚ್ಚಗನ್ನಡದಲ್ಲಿ ಅದಿಲ್ಲ ಎಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ. ಕಣ್ಣು, ಮಣ್ಣು, ಹಣ್ಣು, ಹೆಣ್ಣು, ಅಣ್ಣ, ಎಣ್ಣೆ, ಬೆಣ್ಣೆ, ಏಣಿ, ಹಣೆ, ಒಣಗು, ಕುಣಿ, ಕೆಣಕು, ಇವೆಲ್ಲ ಅಚ್ಚಗನ್ನಡವೇ. ಮನೆಗೂ ಮಣೆಗೂ, ಎನಿಸುವುದಕ್ಕೂ ಎಣಿಸುವುದಕ್ಕೂ ಅರ್ಥ ಬೇರೆಯಾಗುವುದು ಈ ಒಂದು ಅಕ್ಷರದಿಂದ. ಇಂಥ ಪದಗಳಲ್ಲಿ ತಪ್ಪುವವರು ಕಡಿಮೆ. ಅವನ್ನು ನಾವು ಓದು ಕಲಿಯುವ ಮೊದಲೇ ಕಿವಿಯಿಂದ ಕಲಿತಿರುತ್ತೇವೆ. ಸಂಶಯ ಬಂದರೆ ಕ್ರಿಯಾಪದಗಳಿಗೆ ಒಂದು ಒಳ್ಳೆಯ ಪರೀಕ್ಷೆಯೂ ಇದೆ. ತಿನ್ನು ಎಂಬುದು ತಿಂದ ಆಗುತ್ತದೆ, ಎನ್ನು ಎಂಬುದು ಎಂದ ಆಗುತ್ತದೆ. ಆದರೆ ಉಣ್ಣು ಎಂಬುದು ಉಂಡ, ಕಾಣು ಎಂಬುದು ಕಂಡ. ನ ಇದ್ದಲ್ಲಿ ಭೂತಕಾಲಕ್ಕೆ ದ ಬಂತು, ಣ ಇದ್ದಲ್ಲಿ ಡ ಬಂತು. ನಾಲಿಗೆ ಹಲ್ಲಿನ ಬಳಿ ಇದ್ದರೆ ಮುಂದಿನ ಅಕ್ಷರವೂ ಅಲ್ಲೇ, ಮೇಲಕ್ಕೆ ಮಡಚಿದ್ದರೆ ಮುಂದಿನದೂ ಅಲ್ಲೇ.

ಇನ್ನೂ ಒಂದು ಸೂಕ್ಷ್ಮ ಇಲ್ಲಿದೆ. ಉಂಡ, ಕಂಡ, ಗಂಡ, ಕುಂಟ ಎನ್ನುವಾಗ ಆ ಸೊನ್ನೆಯನ್ನು ನಾವು ಉಚ್ಚರಿಸುವುದು ಣ ಎಂದೇ. ಆದರೆ ಬರವಣಿಗೆಯಲ್ಲಿ ಅದು ಸೊನ್ನೆಯಾಗಿ ಅಡಗಿ ಕೂತಿದೆ. ಹಾಗಾಗಿ ಪುಟದ ಮೇಲೆ ಕಾಣುವ ಣ ಅಕ್ಷರಗಳನ್ನು ಮಾತ್ರ ನೋಡಿದರೆ ಕನ್ನಡದ ಪಾಲು ಇರುವುದಕ್ಕಿಂತ ಕಡಿಮೆ ಅನ್ನಿಸುತ್ತದೆ.

ಆದರೂ ಒಂದು ಪತ್ರಿಕೆಯ ಸಂಪಾದಕೀಯ ತೆಗೆದು ಣ ಇರುವ ಪದಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ. ಕಾರಣ, ಪರಿಣಾಮ, ನಿರ್ಣಯ, ಶಿಕ್ಷಣ, ಭಾಷಣ, ಪ್ರಯಾಣ, ರಕ್ಷಣೆ, ವಿವರಣೆ, ನಿರ್ವಹಣೆ. ಸಾಲುಸಾಲಾಗಿ ಸಂಸ್ಕೃತ. ಯಾಕೆ ಹೀಗೆ? ಕನ್ನಡದಲ್ಲಿ ಣ ಇರುವುದು ಹೆಚ್ಚಾಗಿ ಪದದ ಬೇರಿನಲ್ಲಿ, ಮತ್ತು ಬೇರುಗಳು ಎಣಿಕೆಗೆ ಸಿಗುವಷ್ಟೇ. ಸಂಸ್ಕೃತದಲ್ಲಿ ಹಾಗಲ್ಲ. ಅಲ್ಲಿ ನ ಅಕ್ಷರವನ್ನು ಣ ಮಾಡುವ ಒಂದು ನಿಯಮವೇ ಇದೆ. ಹೊಸ ಪದ ಹುಟ್ಟಿದಾಗಲೆಲ್ಲ ಅದು ಹೊಸ ಣ ಒಂದನ್ನು ಹುಟ್ಟಿಸಬಲ್ಲದು.

ಆ ನಿಯಮ ಪಾಣಿನಿಯ ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದ ನಾಲ್ಕನೆಯ ಪಾದದ ಮೊದಲಲ್ಲೇ ಇದೆ. ಅದರ ಸಾರ ಇಷ್ಟು. ಒಂದೇ ಪದದೊಳಗೆ ಮೊದಲು ರ, ಷ ಅಥವಾ ಋ ಬಂದು ಆಮೇಲೆ ನ ಬಂದರೆ ಆ ನ ಣ ಆಗುತ್ತದೆ. ಕಿರಣ, ಭೂಷಣ, ಋಣ. ನಡುವೆ ಬೇರೆ ಅಕ್ಷರಗಳು ಬಂದರೆ? ಸ್ವರಗಳು, ಕವರ್ಗ, ಪವರ್ಗ, ಯ, ವ, ಹ ಬಂದರೆ ಅಡ್ಡಿಯಿಲ್ಲ. ಗ್ರಹಣದಲ್ಲಿ ಹ ಇದೆ, ಶ್ರವಣದಲ್ಲಿ ವ ಇದೆ, ಅರ್ಪಣೆಯಲ್ಲಿ ಪ ಇದೆ, ಆದರೂ ಣ ಬಂದಿದೆ. ಚವರ್ಗ, ಟವರ್ಗ, ತವರ್ಗ, ಲ, ಶ, ಸ ಇವುಗಳಲ್ಲಿ ಯಾವುದೇ ಒಂದು ನಡುವೆ ಬಂದರೆ ನ ಹಾಗೇ ಉಳಿಯುತ್ತದೆ. ರಚನೆಯಲ್ಲಿ ಚ, ಪ್ರಾರ್ಥನೆಯಲ್ಲಿ ಥ, ಆರಾಧನೆಯಲ್ಲಿ ಧ, ಪರಿಶೀಲನೆಯಲ್ಲಿ ಶ ಮತ್ತು ಲ.

ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ, ನಾಲಿಗೆಯನ್ನು ಗಮನಿಸಿದರೆ ಸಾಕು. ಸಂಸ್ಕೃತದ ರ ಮತ್ತು ಷ ಮೂರ್ಧನ್ಯಗಳು. ಅವನ್ನು ಉಚ್ಚರಿಸುವಾಗ ನಾಲಿಗೆಯ ತುದಿ ಅಂಗುಳಿನತ್ತ ಮೇಲಕ್ಕೆ ಮಡಚುತ್ತದೆ. ಅನಂತರ ಪ, ಮ ಎಂದರೆ ತುಟಿ ಕೆಲಸ ಮಾಡುತ್ತದೆ. ಕ, ಗ ಎಂದರೆ ನಾಲಿಗೆಯ ಬುಡ ಕೆಲಸ ಮಾಡುತ್ತದೆ. ಎರಡರಲ್ಲೂ ತುದಿಗೆ ಕೆಲಸವಿಲ್ಲ, ಅದು ಮಡಚಿದಂತೆಯೇ ಇದ್ದು ಮುಂದೆ ಬರುವ ನ ಅಕ್ಷರವನ್ನೂ ಅಲ್ಲೇ ಹಿಡಿಯುತ್ತದೆ. ಆದರೆ ತ, ಚ, ಸ, ಶ, ಲ ಎಂದರೆ ನಾಲಿಗೆಯ ಮುಂಭಾಗವೇ ಕೆಲಸಕ್ಕೆ ಇಳಿಯಬೇಕು. ಆಗ ಮಡಿಕೆ ಬಿಚ್ಚಿಹೋಗುತ್ತದೆ. ಟವರ್ಗದ ಅಕ್ಷರಗಳು ತಾವೇ ಮೂರ್ಧನ್ಯಗಳು, ಆದರೆ ಮಡಿಕೆ ಅವುಗಳಲ್ಲೇ ಮುಗಿದುಹೋಗುತ್ತದೆ, ಆಚೆಗಿನ ನ ತನಕ ಸಾಗುವುದಿಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಬಾಯೊಳಗಿನ ಇಷ್ಟು ಸಣ್ಣ ಚಲನೆಯನ್ನು ಗುರುತಿಸಿ ಸೂತ್ರಕ್ಕೆ ತಂದರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮಾಡಬೇಕಾದ್ದು ಒಂದೇ: ಸಂಶಯದ ಅಕ್ಷರದಿಂದ ಎಡಕ್ಕೆ, ಹಿಂದು ಹಿಂದಕ್ಕೆ ನಡೆಯುವುದು. ಉತ್ತರಾಯಣದಲ್ಲಿ ಹಿಂದೆ ಹೋದರೆ ಯ, ಅದರಾಚೆ ರ. ಯ ಅಡ್ಡಿ ಮಾಡುವುದಿಲ್ಲ, ರ ಸಿಕ್ಕಿತು, ಹಾಗಾಗಿ ಣ. ದಕ್ಷಿಣಾಯನದಲ್ಲಿ ಹಿಂದೆ ಹೋದರೆ ಯ, ಅದರಾಚೆ ಆಗಲೇ ಒಂದು ಣ ಇದೆ. ಕ್ಷ ಒಳಗಿನ ಷ ತನ್ನ ಪ್ರಭಾವವನ್ನು ಆ ಣ ಮೇಲೆ ಮುಗಿಸಿದೆ, ಮುಂದಿನ ನ ಅಕ್ಷರವನ್ನು ಮುಟ್ಟಲಾರದು. ವರ್ಣನೆ ಎಂಬ ಪದದಲ್ಲೂ ನಡೆದಿರುವುದು ಇದೇ. ಇದೇ ದಾರಿಯಲ್ಲಿ ರಾಮಾಯಣ, ಪಾರಾಯಣ, ನಾರಾಯಣ, ಬಾದರಾಯಣ ಎಲ್ಲಕ್ಕೂ ಣ. ರಸಾಯನಕ್ಕೆ ಮಾತ್ರ ನ. ರ ಇದೆ ನಿಜ, ಆದರೆ ನಡುವೆ ಸ ನಿಂತಿದೆ. ಕಾತ್ಯಾಯನದಲ್ಲಿ ರ, ಷ ಎರಡೂ ಇಲ್ಲ, ಹಾಗಾಗಿ ನ. ಪಲಾಯನ ಇನ್ನೂ ಸ್ವಾರಸ್ಯದ್ದು. ಅದರ ಮೊದಲ ಭಾಗ ಮೂಲದಲ್ಲಿ ಪರಾ ಎಂಬ ಉಪಸರ್ಗ. ಅಲ್ಲಿನ ರ ಅಕ್ಷರ ಲ ಆಗಿಹೋಯಿತು. ರ ಹೋದ ಮೇಲೆ ಣ ಬರುವ ಕಾರಣವೂ ಹೋಯಿತು.

ಕೇಶಿರಾಜನ ಶಬ್ದಮಣಿದರ್ಪಣದ ಹೆಸರು ನಮಗೆಲ್ಲ ಗೊತ್ತು. ದರ್ಪಣದಲ್ಲಿ ರ ಆದ ಮೇಲೆ ಪ ಬಂದಿದೆ, ಅದು ದಾರಿ ಬಿಡುತ್ತದೆ. ಕುವೆಂಪು ಅವರ ಮಹಾಕಾವ್ಯ ಶ್ರೀ ರಾಮಾಯಣ ದರ್ಶನಂ. ಆ ದರ್ಶನದಲ್ಲಿ ರ ಆದ ಮೇಲೆ ಶ ಬಂದಿದೆ, ಅದು ದಾರಿ ಕಟ್ಟುತ್ತದೆ. ಯಾವ ಪುಸ್ತಕದ ಮೊದಲ ಪುಟಗಳಲ್ಲೂ ಕಾಣುವ ಮುದ್ರಣ ಮತ್ತು ಪ್ರಕಾಶನ ಎಂಬ ಜೋಡಿಗೂ ಇದೇ ವಿವರಣೆ ಸಾಕು.

ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂಬುದೂ ಈಗ ತಿಳಿಯುತ್ತದೆ. ಟ, ಡ ಕಂಡ ಕೂಡಲೇ ಣ ಬರೆಯುವ ಚಾಳಿ ಬಹಳ ಜನರಿಗಿದೆ. ಸಂಘಟಣೆ, ಮಂಡಣೆ, ಖಂಡಣೆ ಎಂದು ಫಲಕಗಳಲ್ಲಿ ಕಾಣುತ್ತೇವೆ. ಟ, ಡ ಈ ಬದಲಾವಣೆಗೆ ಕಾರಣವೇ ಅಲ್ಲ. ಅವು ಸಂಘಟನೆ, ಮಂಡನೆ, ಖಂಡನೆ. ಎರಡನೆಯದು, ಕ್ಷ ಒಳಗೆ ಷ ಇದೆ ಎಂಬುದನ್ನು ಮರೆಯುವುದು. ಲಕ್ಷಣ, ಶಿಕ್ಷಣ, ರಕ್ಷಣೆಗಳಿಗೆ ಣ ಬಂದಿರುವುದು ಅದರಿಂದಲೇ. ಮೂರನೆಯದು, ಎರಡು ಪದ ಸೇರಿದ ಸಮಾಸದಲ್ಲೂ ನಿಯಮ ಹಚ್ಚಲು ಹೋಗುವುದು. ವರನಟ, ರಾಮನಾಮ ಇವುಗಳಲ್ಲಿ ರ ಒಂದು ಪದದ್ದು, ನ ಇನ್ನೊಂದು ಪದದ್ದು, ಹಾಗಾಗಿ ನ ಉಳಿಯಿತು. ಸಮಾಸವೇ ಒಂದು ಅಂಕಿತನಾಮವಾಗಿ ನಿಂತರೆ ಮಾತ್ರ ಣ ಬರುತ್ತದೆ, ರಾಮಾಯಣ, ಶೂರ್ಪಣಖಿಗಳಲ್ಲಿ ಬಂದಂತೆ. ಶಾಲೆಯಲ್ಲಿ ಕಲಿತ ಸರ್ವನಾಮ ಎಂಬ ಪದ ಈ ಲೆಕ್ಕಕ್ಕೂ ಸಿಗದೆ ನ ಉಳಿಸಿಕೊಂಡಿದೆ. ಪಾಣಿನಿ ತಾನೇ ಸೂತ್ರದಲ್ಲಿ ಹಾಗೆ ಬಳಸಿದ್ದಾನೆ, ಆದ್ದರಿಂದ ಅದೇ ಸರಿ ಎಂದು ವ್ಯಾಖ್ಯಾನಕಾರರು ಒಪ್ಪಿಕೊಂಡರು.

ಎಲ್ಲ ಣ ಅಕ್ಷರಗಳಿಗೂ ಈ ನಿಯಮ ಉತ್ತರ ಕೊಡುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಗುಣ, ಗಣ, ಮಣಿ, ವೀಣೆ, ಬಾಣ, ವಾಣಿ, ಪುಣ್ಯ, ಕಲ್ಯಾಣ, ಇವುಗಳಲ್ಲಿ ರ ಇಲ್ಲ, ಷ ಇಲ್ಲ. ಇಲ್ಲಿನ ಣ ಹುಟ್ಟಿನಿಂದ ಬಂದದ್ದು. ಇಂಥವನ್ನು ಒಂದೊಂದಾಗಿಯೇ ಕಲಿಯಬೇಕು. ಬದಲಾವಣೆ, ಚಲಾವಣೆ, ಚುನಾವಣೆ, ಬರವಣಿಗೆ, ಹೊಂದಾಣಿಕೆ ಇವುಗಳ ಣ ಕನ್ನಡ ಬಳಕೆಯ ಪ್ರತ್ಯಯಗಳಲ್ಲಿ ಇರುವುದು. ಅವಕ್ಕೂ ರ, ಷ ಹುಡುಕಿ ಫಲವಿಲ್ಲ.

ಈ ನಿಯಮ ಸಂಸ್ಕೃತದ್ದೇ, ಕನ್ನಡದ್ದಲ್ಲ ಎಂಬುದಕ್ಕೆ ರಾಮನೇ ಸಾಕ್ಷಿ. ಸಂಸ್ಕೃತದಲ್ಲಿ ರಾಮನಿಂದ ಎನ್ನಲು ರಾಮೇಣ ಎನ್ನಬೇಕು. ರ ಇದೆ, ನಡುವಿನ ಮ ತುಟಿಯ ಅಕ್ಷರ, ಣ ಬರಲೇಬೇಕು. ನಾವು ರಾಮನ, ರಾಮನು, ರಾಮನಿಗೆ, ರಾಮನಿಂದ ಎನ್ನುತ್ತೇವೆ. ರಾಮಣ ಎಂದು ಯಾವ ಕನ್ನಡಿಗನ ನಾಲಿಗೆಯೂ ಹೊರಳುವುದಿಲ್ಲ. ಊರಿನ, ಕೆರೆಯನ್ನು, ಬರುವೆನು, ಎಲ್ಲಿಯೂ ರ ತನ್ನ ಮುಂದಿನ ನ ಅಕ್ಷರವನ್ನು ಬದಲಿಸಿಲ್ಲ. ನಮ್ಮ ವಿಭಕ್ತಿ, ಆಖ್ಯಾತ ಪ್ರತ್ಯಯಗಳಲ್ಲಿ ಇರುವುದು ಬಹುಮಟ್ಟಿಗೆ ನ, ಅದು ಎಲ್ಲಿ ಹೋದರೂ ನ ಆಗಿಯೇ ಇರುತ್ತದೆ. ಮಾಡೋಣ, ಹೋಗೋಣ ಎಂಬಲ್ಲಿನ ಣ ಕೂಡ ಹಾಗೆಯೇ, ಹಿಂದೆ ಏನಿದ್ದರೂ ಬದಲಾಗದು.

ಪಕ್ಕದ ತೆಲುಗನ್ನು ನೋಡಿದರೆ ನಮ್ಮ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಕಣ್ಣು ಅವರಿಗೆ ಕನ್ನು, ಮಣ್ಣು ಮನ್ನು, ಬೆಣ್ಣೆ ವೆನ್ನ, ಅಣ್ಣ ಅನ್ನ. ಅಲ್ಲಿ ಇಂಥ ದೇಶ್ಯ ಪದಗಳ ಣ ಸವೆದು ನ ಆಯಿತು, ಉಳಿದದ್ದು ಹೆಚ್ಚಾಗಿ ಸಂಸ್ಕೃತದ ಣ. ಕನ್ನಡ ಮತ್ತು ತಮಿಳು ಹಳೆಯ ಭೇದವನ್ನು ಕಾಪಾಡಿಕೊಂಡವು. ಹಾಗಾಗಿ ಕನ್ನಡದಲ್ಲಿ ಣ ಎರಡು ಬೇರೆ ಬೇರೆ ಮೂಲಗಳಿಂದ ಬಂದು ಸೇರಿದೆ. ಕನ್ನಡದ ಪದವಾದರೆ ಕಿವಿಯನ್ನು ನಂಬಬೇಕು, ಸಂಸ್ಕೃತದ ಪದವಾದರೆ ಎಡಕ್ಕೆ ನಡೆದು ನೋಡಬೇಕು.

ನಾಡಿನ ಹೆಸರಿನಲ್ಲೇ ಈ ಎರಡು ದಾರಿಗಳು ಎದುರಾಗಿವೆ. ಇಮ್ಮಡಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ, 1604ರಲ್ಲಿ ಭಟ್ಟಾಕಳಂಕದೇವ ರಚಿಸಿದ ಕರ್ಣಾಟಕ ಶಬ್ದಾನುಶಾಸನ, ಎರಡೂ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿದ ಗ್ರಂಥಗಳು. ಎರಡರ ಹೆಸರಿನಲ್ಲೂ ಕರ್ಣಾಟಕ. ಸಂಸ್ಕೃತದಲ್ಲಿ ಬರೆದವರಿಗೆ ರ ಒತ್ತಿಗೇ ಬಂದ ನ ಣ ಆಗಲೇಬೇಕಿತ್ತು. ಆದರೆ ನಾಡು ಎಂಬ ನಮ್ಮ ಮಾತಿನಲ್ಲಿರುವುದು ನ. ಕನ್ನಡದಲ್ಲಿ ರ ಅದನ್ನು ಬದಲಿಸುವುದಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಹೊಸ ಹೆಸರಿಟ್ಟಾಗ ಕರ್ನಾಟಕ ಎಂದೇ ಬರೆದರು. ಕನ್ನಡದ ಬರಹದಲ್ಲಿ ಅದೇ ಸರಿ.