ಕಣಕ್ಕೆ ಬಂದ ನೆಂಟನ ಮಾತು



ಸುಗ್ಗಿಯಲ್ಲಿ ನೆಂಟರ ಮನೆಗೆ ಹೋದವರು "ಈ ಸಲ ಎಷ್ಟು ಚೀಲವಾಯಿತು?" ಎಂದು ಕೇಳುವುದು ವಾಡಿಕೆ. ಬೆಳೆ ಚೆನ್ನಾದ ವರ್ಷ ಅದು ಕುಶಲಪ್ರಶ್ನೆ. ಬೆಳೆ ಕೆಟ್ಟ ವರ್ಷ ಅದೇ ಮಾತು ಸೋಲಿನ ಲೆಕ್ಕ ಕೇಳಿದಂತಾಗುತ್ತದೆ. "ಅಯ್ಯೋ ಪಾಪ" ಎಂದರಂತೂ ರೈತನು ತನ್ನ ನಷ್ಟದ ಜೊತೆಗೆ ನೆಂಟನ ಮರುಕವನ್ನೂ ಹೊರಬೇಕಾಗುತ್ತದೆ. ಹಾಗಾದರೆ ಏನೆಂದು ಮಾತನಾಡಿಸಬೇಕು?

2023ರ ಮುಂಗಾರನ್ನು ನೆನೆಯಿರಿ. ಆ ವರ್ಷದ ಆಗಸ್ಟ್ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿದ್ದಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಕೆರೆಬಿಳಚಿಯ ಸಮೀಪದಲ್ಲೇ ಸೂಳೆಕೆರೆಯಿದ್ದರೂ ಕಾಲುವೆಗಿಂತ ಎತ್ತರದಲ್ಲಿರುವ ಖುಷ್ಕಿ ಹೊಲಕ್ಕೆ ಮಳೆಯೇ ಗತಿ. ಜೂನ್ ಕೊನೆಯಲ್ಲಿ ಬಿತ್ತಿದ ಮೆಕ್ಕೆಜೋಳ ಸುಮಾರು 55 ದಿನಕ್ಕೆ, ಅಂದರೆ ಆ ಒಣ ಆಗಸ್ಟಿನಲ್ಲಿಯೇ, ಸೂಲಂಗಿ ಬಿಡುತ್ತದೆ.

ಅಂತಹ ಹೊಲದ ತೆನೆ ತಾನೇ ತನ್ನ ಕಥೆಯನ್ನು ಹೇಳುತ್ತದೆ. ನೀರಿಲ್ಲದಾಗ ತೆನೆಯ ಕೂದಲು ಹೊರಬರುವುದು ತಡವಾಗುತ್ತದೆ; ಅಷ್ಟರಲ್ಲಿ ಸೂಲಂಗಿಯ ಪರಾಗ ಉದುರಿಹೋಗಿರುತ್ತದೆ. ಆಗ ದಿಂಡಿನ ಮೇಲೆ ಕಾಳುಗಳು ಅಲ್ಲೊಂದು ಇಲ್ಲೊಂದು ನಿಲ್ಲುತ್ತವೆ. ಪರಾಗಸ್ಪರ್ಶದ ನಂತರ ಬರ ಬಂದರೆ ತುದಿಯ ಕಾಳು ಮಾತ್ರ ಬತ್ತಿ ತೆನೆಯ ತಲೆ ಬೋಳಾಗುತ್ತದೆ. ಇನ್ನೂ ತಡವಾಗಿ ಬಂದರೆ ಸಾಲು ತುಂಬಿದ್ದರೂ ಕಾಳು ಜೊಳ್ಳಾಗಿ ಹಗುರವಾಗುತ್ತದೆ. ಹುಳು ಕೂದಲನ್ನು ತಿಂದರೂ ಕಾಳು ತಪ್ಪುವುದುಂಟು. ಆದ್ದರಿಂದ ಒಂದೇ ತೆನೆಯನ್ನು ನೋಡಿ ತೀರ್ಮಾನಿಸಬಾರದು. ಕಾಳು ಬಿಡಿಸಿದ ಮೇಲೆ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ.

ದೀಪಾವಳಿಗೆ ಮಾವನ ಮನೆಗೆ ಬಂದ ಸೋದರಳಿಯನೊಬ್ಬನನ್ನು ಊಹಿಸಿಕೊಳ್ಳೋಣ. ಅವನು ಚೀಲವನ್ನು ಎಣಿಸುವುದಿಲ್ಲ. ಕಣದಲ್ಲಿ ಕುಳಿತು ತೆನೆ ಸುಲಿಯುತ್ತ, "ಮಾವ, ಕೂದಲು ಬರುವ ಹೊತ್ತಿಗೇ ಮಳೆ ಕೈಕೊಟ್ಟಿತಲ್ಲವೇ?" ಎನ್ನುತ್ತಾನೆ.

"ಹೌದಪ್ಪಾ. ತಗ್ಗಿನ ತಾಕಿನದು ಪರವಾಗಿಲ್ಲ, ದಿಬ್ಬದ್ದು ಹೀಗಾಯಿತು."

"ದಿಬ್ಬಕ್ಕೆ ಬಿತ್ತಿದ್ದು ಯಾವಾಗ?"

"ಹತ್ತು ದಿನ ತಡವಾಗಿ."

ಇಲ್ಲಿ ನಷ್ಟವನ್ನು ಯಾರೂ ಮುಚ್ಚಿಡಲಿಲ್ಲ. ಆದರೆ ಮಾತು ನಿಂತದ್ದು ಮಳೆ, ಮಣ್ಣು, ಬಿತ್ತನೆಯ ದಿನಗಳ ಮೇಲೆ. ಅವು ಮಾವನು ಬಲ್ಲ ವಿಷಯಗಳು. ಅಳಿಯ ಕೇಳುವವನಾದನು, ಮಾವ ತಿಳಿಸುವವನಾದನು. "ಮುಂದಿನ ವರ್ಷ ಒಳ್ಳೆಯದಾಗುತ್ತದೆ ಬಿಡಿ" ಎಂದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ಪಕ್ಕದವರದು ಚೆನ್ನಾಗಿದೆಯಲ್ಲ" ಎಂದಿದ್ದರೆ ಬೇಸಾಯವನ್ನೇ ದೂರಿದಂತಾಗುತ್ತಿತ್ತು.

ನಮ್ಮ ಹಿರಿಯರು ರಾಶಿ ಅಳೆಯುವಾಗ ಮೊದಲ ಅಳತೆಯನ್ನು "ಒಂದು" ಎನ್ನದೆ "ಲಾಭ" ಎಂದು ಎಣಿಸುತ್ತಿದ್ದರು. ರಾಶಿ ದೊಡ್ಡದಿರಲಿ, ಸಣ್ಣದಿರಲಿ, ಎಣಿಕೆ ಅಲ್ಲಿಂದಲೇ ಆರಂಭ. ಕಣಕ್ಕೆ ಬಂದ ನೆಂಟನೂ ಬಾರದ ಕಾಳನ್ನು ಬಿಟ್ಟು ಬಂದ ಕಾಳಿನಿಂದ ಮಾತನ್ನು ಆರಂಭಿಸಲಿ. ಸಾಧ್ಯವಾದರೆ ನಾಲ್ಕು ತೆನೆ ಸುಲಿದೇ ಏಳಲಿ.