ಆಟದ ಶೂ ಪಾದ ಹಿಡಿದಿರಬೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಂಗಡಿಗಳಲ್ಲಿ ಮಕ್ಕಳಿಗೆ ಶೂ ಕೊಡಿಸುವ ಹಿರಿಯರು ಅದರ ತುದಿ ಒತ್ತಿ ನೋಡಿ 'ಸ್ವಲ್ಪ ಜಾಗ ಇರಲಿ' ಅನ್ನುವುದುಂಟು. ನಡೆಯುವ ಶೂಗೆ ಅದು ಸರಿಯಾದ ಮಾತೇ. ನಡೆಯುವಾಗ ಪಾದ ಹಿಮ್ಮಡಿಯಿಂದ ಬೆರಳಿನತ್ತ ಒಂದೇ ದಿಕ್ಕಿಗೆ ಉರುಳುತ್ತದೆ, ಹೊತ್ತು ಕಳೆದಂತೆ ಕೊಂಚ ಊದಿಕೊಳ್ಳುತ್ತದೆ. ಹಾಗಾಗಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಬಿಡುವು ಬೇಕು. ಬ್ಯಾಡ್ಮಿಂಟನ್ ಕಥೆಯೇ ಬೇರೆ. ನೆಟ್ ಬಳಿ ಬಿದ್ದ ಶಟಲ್ ಎತ್ತಲು ಕಾಲು ಚಾಚಿ ಹಿಮ್ಮಡಿ ಊರಿದ ಕೂಡಲೇ ಶೂ ನಿಲ್ಲುತ್ತದೆ, ಮೈಭಾರ ನಿಲ್ಲುವುದಿಲ್ಲ. ಒಳಗೆ ಸಡಿಲವಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ತುದಿಗೆ ಬಡಿಯುತ್ತದೆ. ಉಗುರು ಕಪ್ಪುಗಟ್ಟಿದಾಗ ಶೂ ಚಿಕ್ಕದಾಯಿತು ಎಂದುಕೊಂಡು ಇನ್ನೂ ದೊಡ್ಡದನ್ನು ತರುವವರಿದ್ದಾರೆ. ಜೊತೆಗೆ ಹಿಮ್ಮಡಿಯಲ್ಲೂ ಗುಳ್ಳೆ ಎದ್ದಿದ್ದರೆ, ಶೂ ದೊಡ್ಡದಾಗಿರುವ ಸಂಭವವೇ ಹೆಚ್ಚು. ದಪ್ಪ ಅಟ್ಟೆಯ ಓಟದ ಶೂ ಹಾಕಿ ಆಡುವುದಂತೂ ಬೇಡ; ಪಕ್ಕಕ್ಕೆ ಜಿಗಿದಾಗ ಅದು ವಾಲಿ ಕಾಲು ಉಳುಕುತ್ತದೆ.

ಫುಟ್ಬಾಲ್ ಶೂ ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ಅಲ್ಲಿ ಚೆಂಡನ್ನು ಹತೋಟಿಯಲ್ಲಿಡುವುದು ಪಾದವೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಬಹುಪಾಲು ಆಟಗಾರರು ಬರಿಗಾಲಲ್ಲೇ ಆಡಿ 2–1ರಿಂದ ಸೋತರು. ನಮ್ಮ ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಬರಿಗಾಲಿಗೆ ಚೆಂಡಿನ ಸ್ಪರ್ಶ ಸಿಗುತ್ತದೆ, ಒದ್ದೆ ನೆಲದ ಹಿಡಿತ ಸಿಗುವುದಿಲ್ಲ. ಮಲೆನಾಡಿನ ಮಳೆಗಾಲದ ಮೈದಾನಕ್ಕೆ ಗುಬಟುಗಳಿರುವ ಶೂ ಬೇಕೇ ಬೇಕು. ಆದರೆ ಅದರೊಳಗೆ ಪಾದ ಹೊರಳಾಡಿದರೆ ಗುಬಟು ನೆಲ ಹಿಡಿದೂ ಪ್ರಯೋಜನವಿಲ್ಲ.

ಬೆಳೆಯುವ ಮಕ್ಕಳಿಗೆ ಬಿಗಿ ಶೂ ಕೊಡಿಸಿದರೆ ದುಡ್ಡು ದಂಡವಲ್ಲವೇ ಎಂದು ತಂದೆ-ತಾಯಿ ಕೇಳುವುದು ನ್ಯಾಯವೇ. ಅದಕ್ಕೆ ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು, ಆಟದ ಕಾಲುಚೀಲ ಹಾಕಿಸಿ, ಹಿಮ್ಮಡಿ ಸರಿಯಾಗಿ ಕೂರುವಂತೆ ಮಗುವನ್ನು ಅದರ ಮೇಲೆ ನಿಲ್ಲಿಸಿ. ಪಾದ 23 ಸೆಂಟಿಮೀಟರ್ ಇದ್ದು ಮೆತ್ತೆ 23.5 ಇದ್ದರೆ ಎರಡೂ ಆಟಕ್ಕೆ ಸಾಕು. ಬ್ಯಾಡ್ಮಿಂಟನ್‌ಗೆ ಇನ್ನೊಂದೆರಡು ಮಿಲಿಮೀಟರ್ ಹೆಚ್ಚಿದ್ದರೂ ನಡೆದೀತು. ಮೆತ್ತೆ 25 ಇದ್ದರೆ ತುದಿಗೆ ಹತ್ತಿ ತುರುಕಿ ಉಪಯೋಗವಿಲ್ಲ, ಹಿಮ್ಮಡಿ ಆಗಲೂ ಎದ್ದೇಳುತ್ತದೆ. ಚಿಕ್ಕದಾದ ಶೂವನ್ನು ಕಿರಿಯ ತರಗತಿಯವರಿಗೆ ದಾಟಿಸುವ ಏರ್ಪಾಡನ್ನು ಶಾಲೆಯಲ್ಲೇ ಮಾಡಿಕೊಂಡರೆ ಖರ್ಚೂ ತಗ್ಗುತ್ತದೆ. ಬಿಗಿ ಅಂದರೆ ನೋವಲ್ಲ: ಬೆರಳು ಮಡಚಿಕೊಂಡರೆ, ಜುಮುಗುಟ್ಟಿದರೆ, ಅಕ್ಕಪಕ್ಕ ಒತ್ತಿದರೆ ಅದು ಚಿಕ್ಕದೇ. 'ಆಡ್ತಾ ಆಡ್ತಾ ಸಡಿಲ ಆಗುತ್ತೆ' ಎಂಬ ಮಾತು ಚರ್ಮದ ಶೂಗೆ ಅಷ್ಟಿಷ್ಟು ನಿಜ, ಸಿಂಥೆಟಿಕ್ ಶೂ ಅಷ್ಟಾಗಿ ಹಿಗ್ಗುವುದಿಲ್ಲ.

ನೆನೆದ ಶೂವನ್ನು ಒಲೆಯ ಬಳಿ ಇಡಬೇಡಿ, ಅಂಟು ಬಿಡುತ್ತದೆ; ಒಳಗೆ ಹಳೇ ಪತ್ರಿಕೆ ತುಂಬಿ ಗಾಳಿಗೆ ಒಣಗಿಸಿ. ಕೊಳ್ಳಲು ಸಂಜೆ ಹೊತ್ತು ಹೋಗಿ, ಲೇಸ್ ಬಿಗಿದು ಅಂಗಡಿಯಲ್ಲೇ ನಾಲ್ಕು ಸಲ ಕಾಲು ಚಾಚಿ ನೋಡಿ. ಹಿಮ್ಮಡಿ ಎದ್ದರೆ ಆ ಜೋಡಿ ಬೇಡ.