ಮದುವೆ ಮನೆಯ ಜನರೇಟರ್: ಲೋಡಿನ ಲೆಕ್ಕ, ಡೀಸೆಲ್‌ನ ಲೆಕ್ಕ

(ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ನೊಣವಿನಕೆರೆ ಸೀಮೆಯಲ್ಲಿ ಮದುವೆ ಅಂದರೆ ಹಿಂದಿನ ದಿನದ ಸಂಜೆಯ ಆರತಕ್ಷತೆಯೇ ದೊಡ್ಡದು. ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ತೋಟದ ಮನೆಯ ಮುಂದೆಯೇ ಚಪ್ಪರ ಹಾಕಿ ಮಾಡುವವರು ಈಗಲೂ ಇದ್ದಾರೆ. ತೋಟದ ಮನೆಗಳು ಹೆಚ್ಚಾಗಿ ಪಂಪ್‌ಸೆಟ್ಟಿನ ಲೈನಿನಲ್ಲೇ ಇರುತ್ತವೆ. ಅಲ್ಲಿ ಸಂಜೆ ತ್ರೀ ಫೇಸ್ ಇರುತ್ತದೆ ಅಂತ ನಂಬಿಕೊಂಡು ಕಾರ್ಯ ಇಟ್ಟುಕೊಳ್ಳಲಾಗುವುದಿಲ್ಲ. ಆದ್ದರಿಂದ ಜನರೇಟರ್ ತರಿಸುತ್ತೇವೆ. ಎಷ್ಟು ದೊಡ್ಡದು ಬೇಕು ಅಂತ ಕೇಳಿದರೆ ಒಬ್ಬರು 15 ಅನ್ನುತ್ತಾರೆ, ಇನ್ನೊಬ್ಬರು 62 ಅನ್ನುತ್ತಾರೆ. ಡೀಸೆಲ್ ಎಷ್ಟು ಅಂದರೆ, "ಎರಡು ಕ್ಯಾನ್ ತಂದಿಡಿ ಸ್ವಾಮಿ, ನೋಡೋಣ" ಅನ್ನುತ್ತಾರೆ. ಇದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಅರ್ಧ ಗಂಟೆಯ ಕೆಲಸ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಜನರೇಟರಿನ ಗಾತ್ರವನ್ನು ಗೊತ್ತುಮಾಡುವುದು ಎಲ್ಲವೂ ಒಟ್ಟಿಗೆ ಓಡಿದರೆ ಬೀಳುವ ಲೋಡಿನ ಮೇಲೆ. ಡೀಸೆಲ್ ಲೆಕ್ಕ ಹಾಕುವುದು ಗಂಟೆಗಂಟೆಗೆ ನಿಜವಾಗಿ ಓಡುವ ಲೋಡಿನ ಮೇಲೆ. ಇವೆರಡನ್ನೂ ಒಂದೇ ಮಾಡಿದರೆ ಒಂದೋ ಊಟದ ಹೊತ್ತಿಗೆ ಕತ್ತಲೆ, ಇಲ್ಲವೋ ದುಡ್ಡು ಹೊಗೆಯಾಗಿ ಹೋಗುತ್ತದೆ.

ಮೊದಲು ಪಟ್ಟಿ

600 ಜನರ ಊಟದ ಒಂದು ಆರತಕ್ಷತೆಯನ್ನೇ ಇಟ್ಟುಕೊಳ್ಳೋಣ. ಲೈಟಿನವರು, ಮೈಕ್‌ಸೆಟ್ಟಿನವರು, ಅಡುಗೆಯವರು, ವಿಡಿಯೋದವರು, ಈ ನಾಲ್ವರನ್ನೂ ಕೇಳಿ ಬರೆದುಕೊಳ್ಳಬೇಕು.

ಲೈಟು: ಚಪ್ಪರಕ್ಕೆ 100 ವ್ಯಾಟಿನ ಎಲ್.ಇ.ಡಿ. ಫ್ಲಡ್ ಲೈಟ್ 10, ಅಂದರೆ 1,000 ವ್ಯಾಟ್. ವೇದಿಕೆಯ ಬಣ್ಣದ ಲೈಟು 150ರಂತೆ 8, ಅದು 1,200. ಸೀರಿಯಲ್ ಸೆಟ್ 20ರಂತೆ 50 ಎಳೆ, 1,000. ಅಡುಗೆ ಮನೆ, ಊಟದ ಜಾಗ, ದಾರಿಗೆ 20 ವ್ಯಾಟಿನ 30 ಬಲ್ಬು, 600. ವಿಡಿಯೋದವರ ಹಳೇ ಹ್ಯಾಲೋಜನ್ 1,000ದಂತೆ ಎರಡು, 2,000. ಈ ಕೊನೆಯದನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಆತ ಏಳು ಗಂಟೆಗೆ ಬಂದು ಹತ್ತಿರದಲ್ಲಿ ಸಿಕ್ಕ ಪ್ಲಗ್ಗಿಗೆ ಚುಚ್ಚುತ್ತಾನೆ, ಆಗ ಫ್ಯೂಸ್ ಹೋಗುತ್ತದೆ. ಲೈಟಿನದ್ದೆಲ್ಲ ಸೇರಿ 5,800.

ಸ್ಟ್ಯಾಂಡ್ ಫ್ಯಾನ್ 150ರಂತೆ 10, ಅದು 1,500.

ಮೈಕ್‌ಸೆಟ್: ಪೆಟ್ಟಿಗೆಯ ಮೇಲೆ ನಾಲ್ಕು ಸಾವಿರ ವ್ಯಾಟ್ ಅಂತ ಬರೆದಿದ್ದರೆ ಗಾಬರಿಯಾಗಬೇಡಿ. ಅದು ಸ್ಪೀಕರಿನ ತಾಕತ್ತು, ಲೈನಿನಿಂದ ಸದಾ ಎಳೆಯುವ ವಿದ್ಯುತ್ ಅಲ್ಲ. ಹಾಡಿನಲ್ಲಿ ಏರಿಳಿತ ಇರುವುದರಿಂದ ಸರಾಸರಿ ಎಳೆತ ಅದರ ಮೂರನೇ ಒಂದು ಭಾಗವನ್ನು ದಾಟುವುದು ಅಪರೂಪ. ವಾದ್ಯಗೋಷ್ಠಿಯ ಉಳಿದ ಸಾಮಾನು ಸೇರಿಸಿ 2,000 ಹಿಡಿಯೋಣ.

ಅಡುಗೆ: ಒಲೆ ಗ್ಯಾಸಿನದು ಅಥವಾ ಸೌದೆಯದು, ಅದಕ್ಕೆ ಕರೆಂಟು ಬೇಡ. ಆದರೆ ನಮ್ಮ ಕಡೆಯ ಅಡುಗೆ ಅಂದರೆ ಕಾಯಿ. 2 ಎಚ್.ಪಿ. ಗ್ರೈಂಡರ್ ಒಂದು. ಒಂದು ಎಚ್.ಪಿ. ಎಂದರೆ 746 ವ್ಯಾಟ್. ಮೋಟಾರಿನಲ್ಲಿ ಸೋರುವುದನ್ನೂ ಸೇರಿಸಿದರೆ ಇದು 1,900 ಎಳೆಯುತ್ತದೆ. ಕಾಯಿ ತುರಿಯುವ ಅರ್ಧ ಎಚ್.ಪಿ. ಮೋಟಾರಿಗೆ 500, ತೊಟ್ಟಿಯಿಂದ ನೀರೆತ್ತುವ 1 ಎಚ್.ಪಿ. ಮೋಟಾರಿಗೆ 1,000, ಮಿಕ್ಸಿಗೆ 750, ಐಸ್‌ಕ್ರೀಮಿನ ಪೆಟ್ಟಿಗೆಗೆ 400. ಒಟ್ಟು 4,550.

ಎಲ್ಲ ಸೇರಿದರೆ 13,850 ವ್ಯಾಟ್, ಅಂದರೆ ಹೆಚ್ಚು ಕಡಿಮೆ 14 ಕಿಲೋವ್ಯಾಟ್. ಬೋರ್‌ವೆಲ್ ಮೋಟಾರನ್ನು ನಾನು ಸೇರಿಸಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಏಳೂವರೆ ಎಚ್.ಪಿ. ಸಬ್‌ಮರ್ಸಿಬಲ್ ಅನ್ನು ಮದುವೆಯ ಜನರೇಟರಿಗೆ ಹಾಕಿದರೆ ಶುರುವಾಗುವ ಏಟಿಗೇ ಲೈಟೆಲ್ಲ ಕಣ್ಣು ಮುಚ್ಚುತ್ತವೆ. ತ್ರೀ ಫೇಸ್ ಇದ್ದಾಗಲೇ ತೊಟ್ಟಿ, ಡ್ರಮ್ಮು ತುಂಬಿಸಿಕೊಳ್ಳಿ.

ಎಷ್ಟು ಕೆ.ವಿ.ಎ.?

ಜನರೇಟರಿನ ಮೇಲೆ ಬರೆದಿರುವ ಕೆ.ವಿ.ಎ.ಯನ್ನು 0.8ರಿಂದ ಗುಣಿಸಿದರೆ ಸಿಗುವುದು ಕಿಲೋವ್ಯಾಟ್. 15 ಕೆ.ವಿ.ಎ. ಅಂದರೆ 12 ಕಿಲೋವ್ಯಾಟ್, ನಮಗೆ ಸಾಲದು. 25 ಕೆ.ವಿ.ಎ. ಅಂದರೆ 20 ಕಿಲೋವ್ಯಾಟ್. ನಮ್ಮ 14 ಅದರಲ್ಲಿ ಶೇಕಡಾ 70. ಇದು ಸರಿಯಾದ ಅಳತೆ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ತ್ರೀ ಫೇಸ್ ಜನರೇಟರಿನ 25 ಕೆ.ವಿ.ಎ. ಮೂರು ಫೇಸಿಗೂ ಹಂಚಿಕೆಯಾದದ್ದು. ಒಂದೊಂದು ಫೇಸಿಗೆ ಬರುವುದು ಸುಮಾರು 35 ಆಂಪಿಯರ್ ಮಾತ್ರ. ನಮ್ಮ ಗ್ರೈಂಡರ್ ಓಡುವಾಗ 11 ಆಂಪಿಯರ್ ಎಳೆದರೆ, ಶುರುವಾಗುವಾಗ ಒಂದೆರಡು ಸೆಕೆಂಡು ನಾಲ್ಕೈದು ಪಟ್ಟು, ಅಂದರೆ 50ರ ಹತ್ತಿರ ಎಳೆಯುತ್ತದೆ. ಅದೇ ಫೇಸಿನಲ್ಲಿ ಹ್ಯಾಲೋಜನ್ನೂ ಮೈಕ್‌ಸೆಟ್ಟೂ ಇದ್ದರೆ ಹಾಡು ಅರ್ಧಕ್ಕೆ ನಿಲ್ಲುತ್ತದೆ. ಆಗ "ಜನರೇಟರ್ ಸಾಲಲಿಲ್ಲ" ಅನ್ನುತ್ತಾರೆ. ಜನರೇಟರ್ ಸಾಕಾಗಿತ್ತು, ಹಂಚಿಕೆ ತಪ್ಪಿತ್ತು.

ಹೀಗೆ ಹಂಚಿ: ಒಂದು ಫೇಸಿಗೆ ಅಡುಗೆಯ ಮೋಟಾರುಗಳು ಮಾತ್ರ, 4,550. ಎರಡನೆಯದಕ್ಕೆ ವೇದಿಕೆ, ವಿಡಿಯೋ, ಫ್ಲಡ್ ಲೈಟು, 4,200. ಮೂರನೆಯದಕ್ಕೆ ಮೈಕ್‌ಸೆಟ್, ಫ್ಯಾನು, ಸೀರಿಯಲ್ ಸೆಟ್, ಬಲ್ಬುಗಳು, 5,100. ಗ್ರೈಂಡರ್ ಶುರು ಮಾಡುವಾಗ ನೀರಿನ ಮೋಟಾರನ್ನೂ ತುರಿಯುವ ಮೋಟಾರನ್ನೂ ನಿಲ್ಲಿಸಿರಬೇಕು, ಗ್ರೈಂಡರಿನೊಳಗೆ ಕಾಯಿ ತುಂಬಿರಬಾರದು. ಲೋಡು ಹಾಕಿದ ಮೇಲೆ ಬೋರ್ಡಿನ ಮೂರು ಫೇಸಿನ ಆಂಪಿಯರ್ ನೋಡಿ. ಒಂದರಲ್ಲಿ 30, ಇನ್ನೊಂದರಲ್ಲಿ 8 ತೋರಿಸಿದರೆ ವೈರಿನವರನ್ನು ಕರೆಸಿ ಬದಲಾಯಿಸಿ.

ಡೀಸೆಲ್ ಎಷ್ಟು ಲೀಟರ್?

ಜನರೇಟರ್ ಸುಮ್ಮನೆ ತಿರುಗುವುದಕ್ಕೇ ಒಂದಿಷ್ಟು ಡೀಸೆಲ್ ಬೇಕು. ಅದನ್ನು ತಳಖರ್ಚು ಅನ್ನೋಣ. ಬಾಡಿಗೆಗೆ ಓಡಿ ಹಳತಾದ 25 ಕೆ.ವಿ.ಎ.ಗೆ ಗಂಟೆಗೆ ಒಂದೂವರೆ ಲೀಟರ್ ಹಿಡಿಯಿರಿ. ಅದರ ಮೇಲೆ ಪ್ರತಿ ಕಿಲೋವ್ಯಾಟಿಗೆ ಗಂಟೆಗೆ ಕಾಲು ಲೀಟರ್. ಇಷ್ಟೇ ಸೂತ್ರ. ವಿಡಿಯೋದವರ ಒಂದು ಹ್ಯಾಲೋಜನ್ ಗಂಟೆಗೆ ಕಾಲು ಲೀಟರ್ ಕುಡಿಯುತ್ತದೆ ಅಂತ ನೆನಪಿಟ್ಟುಕೊಂಡರೂ ಸಾಕು.

ಈಗ ಸಂಜೆಯನ್ನು ಮೂರು ಭಾಗ ಮಾಡೋಣ, ಲೈನಿನ ಕರೆಂಟು ಪೂರ್ತಿ ಇಲ್ಲ ಅಂತಲೇ ಇಟ್ಟುಕೊಂಡು.

ಐದರಿಂದ ಆರೂವರೆ: ರುಬ್ಬುವುದು, ತುರಿಯುವುದು, ನೀರು, ಕೆಲವು ಬಲ್ಬು. ಸುಮಾರು 6 ಕಿಲೋವ್ಯಾಟ್. ಗಂಟೆಗೆ 3 ಲೀಟರ್, ಒಂದೂವರೆ ಗಂಟೆಗೆ ನಾಲ್ಕೂವರೆ.

ಆರೂವರೆಯಿಂದ ಹತ್ತು: ರುಬ್ಬುವ ಕೆಲಸ ಮುಗಿದಿದೆ. ಲೈಟು, ಫ್ಯಾನು, ಹಾಡು, ಐಸ್‌ಕ್ರೀಮ್ ಪೆಟ್ಟಿಗೆ, ಆಗೀಗ ಮಿಕ್ಸಿ. 10 ಕಿಲೋವ್ಯಾಟ್. ಗಂಟೆಗೆ 4 ಲೀಟರ್, ಮೂರೂವರೆ ಗಂಟೆಗೆ 14.

ಹತ್ತರಿಂದ ಹನ್ನೊಂದೂವರೆ: ಹಾಡು ನಿಂತಿದೆ, ಕೊನೆಯ ಪಂಕ್ತಿ, ಪಾತ್ರೆ ತೊಳೆಯುವುದು. 4 ಕಿಲೋವ್ಯಾಟ್. ಗಂಟೆಗೆ ಎರಡೂವರೆ, ಒಟ್ಟು ಮೂರೂಮುಕ್ಕಾಲು.

ಮೂರೂ ಕೂಡಿದರೆ 22 ಕಾಲು ಲೀಟರ್. ಐದನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಂಡರೆ 27. ಪೂರ್ತಿ ಲೋಡಿನ ಲೆಕ್ಕದಲ್ಲಿ ಗಂಟೆಗೆ ಆರೂವರೆ ಅಂತ ಹಿಡಿದಿದ್ದರೆ 42 ಲೀಟರ್ ಆಗುತ್ತಿತ್ತು. ಲೆಕ್ಕ ಮಾಡಿದವನಿಗೂ ಮಾಡದವನಿಗೂ ಅಷ್ಟು ವ್ಯತ್ಯಾಸ. ಈ 27 ಲೀಟರ್ ಟ್ಯಾಂಕಿನ ತಳದಲ್ಲಿ ಸದಾ ಉಳಿದಿರಬೇಕಾದ ಡೀಸೆಲ್ ಬಿಟ್ಟು. ಟ್ಯಾಂಕ್ ಪೂರ್ತಿ ಬರಿದಾದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಡೀಸೆಲ್ ಹಾಕಿದರೂ ಗಾಳಿ ತೆಗೆಯುವವರೆಗೆ ಇಂಜಿನ್ ಹತ್ತುವುದಿಲ್ಲ, ಆ ಹೊತ್ತಿನಲ್ಲಿ ಬೀಗರು ಎಲೆಯ ಮುಂದೆ ಕತ್ತಲಲ್ಲಿ ಕೂತಿರುತ್ತಾರೆ.

ದೊಡ್ಡದು ತಂದರೆ ಒಳ್ಳೆಯದಲ್ಲವೇ?

ಹೀಗೆ ಕೇಳುವವರು ಬಹಳ. 62.5 ಕೆ.ವಿ.ಎ. ತಂದರೆ ಗ್ರೈಂಡರಿನ ಚಿಂತೆ ಇರುವುದಿಲ್ಲ, ನಿಜ. ಆದರೆ ಅದರ ತಳಖರ್ಚೇ ಗಂಟೆಗೆ 4 ಲೀಟರಿನ ಹತ್ತಿರ. ಅದೇ ಲೈಟು, ಅದೇ ಹಾಡಿಗೆ ಗಂಟೆಗೆ ಎರಡೂವರೆ ಲೀಟರ್ ಹೆಚ್ಚು, ಆರೂವರೆ ಗಂಟೆಗೆ 16 ಲೀಟರ್ ಹೆಚ್ಚು. ಜೊತೆಗೆ, ಡೀಸೆಲ್ ಇಂಜಿನ್ ತನ್ನ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೆ ಸರಿಯಾಗಿ ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಿಂದ ಕಪ್ಪು ಜಿಡ್ಡು ತೊಟ್ಟಿಕ್ಕುತ್ತದೆ. ಚಿಕ್ಕದಕ್ಕೆ ಲೋಡು ಹೆಚ್ಚಾದರೆ ಗುರುತು ಬೇರೆ: ದಟ್ಟ ಕಪ್ಪು ಹೊಗೆ, ಇಂಜಿನ್ನಿನ ಸದ್ದು ಕುಗ್ಗುವುದು, ಮೀಟರಿನಲ್ಲಿ 50 ಇರಬೇಕಾದ ಹರ್ಟ್ಸ್ 47, 48ಕ್ಕೆ ಇಳಿಯುವುದು. ಆಗ ಮೊದಲು ಹ್ಯಾಲೋಜನ್ ಆರಿಸಿ.

ಅಳೆದು ಕೊಡಿ, ಅಳೆದು ತೆಗೆದುಕೊಳ್ಳಿ

ಬಾಡಿಗೆ ಅವರದು, ಡೀಸೆಲ್ ನಮ್ಮದು ಅನ್ನುವ ಕರಾರಿನಲ್ಲಿ ಮನಸ್ತಾಪ ಬರುವುದು ಇಲ್ಲೇ. ಶುರು ಮಾಡುವ ಮುಂಚೆ ಗಂಟೆಯ ಮೀಟರ್ ಬರೆದುಕೊಳ್ಳಿ. ಗಾಡಿ ಸಮತಟ್ಟಾಗಿ ನಿಂತಿರಲಿ, ಟ್ಯಾಂಕಿಗೆ ಒಣಗಿದ ಕಡ್ಡಿ ಇಳಿಸಿ ಗುರುತು ಮಾಡಿ. ಮುಗಿದ ಮೇಲೆ ಮತ್ತೆ ಇಳಿಸಿ. ಟ್ಯಾಂಕ್ ಚೌಕದ್ದಾದರೆ ಒಳಗಿನ ಉದ್ದ, ಅಗಲ, ಇಳಿದ ಮಟ್ಟ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. 80 ಉದ್ದ, 40 ಅಗಲದ ಟ್ಯಾಂಕಿನಲ್ಲಿ 7 ಸೆಂಟಿಮೀಟರ್ ಇಳಿದಿದ್ದರೆ 22.4 ಲೀಟರ್, ನಮ್ಮ ಲೆಕ್ಕಕ್ಕೆ ಸರಿಹೋಯಿತು. ನಡುವೆ ಡೀಸೆಲ್ ಹಾಕಿದ್ದರೆ ಅದನ್ನೂ ಕೂಡಿಸಿ. 35 ಬಂದರೆ ಕೇಳುವ ಹಕ್ಕು ನಿಮಗಿದೆ. ಆದರೆ ಕೇಳುವ ಮುಂಚೆ ಪಕ್ಕದ ಮನೆಯವರು ಲೈನ್ ಎಳೆದುಕೊಂಡಿದ್ದರೇ ಅಂತ ನೋಡಿ, ಅದೂ ಆಗುತ್ತದೆ.

ಕೊನೆಯದಾಗಿ ಲೆಕ್ಕಕ್ಕೆ ಸಿಗದ ಎರಡು ವಿಷಯ. ಜನರೇಟರಿನ ನ್ಯೂಟ್ರಲ್ ವೈರ್ ಸಡಿಲವಾಗಿದ್ದರೆ ಕಡಿಮೆ ಲೋಡಿರುವ ಫೇಸಿಗೆ 230ರ ಬದಲು 300, 400 ವೋಲ್ಟ್ ಹೋಗಿ ಮೈಕ್‌ಸೆಟ್ಟು, ಲೈಟು ಸುಟ್ಟುಹೋಗುತ್ತವೆ. ಕೆಲವು ಬಲ್ಬು ಮಂಕು, ಕೆಲವು ವಿಪರೀತ ಬೆಳಕು ಕಂಡರೆ ತಕ್ಷಣ ನಿಲ್ಲಿಸಿ. ಇನ್ನೊಂದು, ಮನೆಯ ಲೈನಿಗೆ ಜನರೇಟರನ್ನು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಸೇರಿಸಬೇಡಿ. ನಿಮ್ಮ ಕರೆಂಟು ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿ ದೊಡ್ಡ ವೋಲ್ಟೇಜ್ ಆಗಿ ಕಂಬದ ಮೇಲಿರುವ ಲೈನ್‌ಮನ್ ಪ್ರಾಣ ತೆಗೆಯುತ್ತದೆ. ಆ ಸ್ವಿಚ್ ಇಲ್ಲದಿದ್ದರೆ ಚಪ್ಪರದ ವೈರಿಂಗ್ ಅನ್ನೇ ಬೇರೆ ಮಾಡಿಸಿ, ಮನೆಯ ಬೋರ್ಡಿಗೆ ಮುಟ್ಟಿಸಬೇಡಿ.